ರಿವರ್ಸ್ ಪ್ರೈಮರ್ ಯಾವ ಕಡೆಯಿಂದ ಬರೆಯೋದು? (ಪಿಸಿಆರ್ ಟಿಪ್ಪಣಿ)

95 ಡಿಗ್ರಿಯಲ್ಲಿ ಡಿಎನ್‌ಎಯ ಎರಡು ಎಳೆ ಬಿಡಿಸೋದು, ತಣಿಸಿ ಪ್ರೈಮರ್ ಕೂರಿಸೋದು, 72ರಲ್ಲಿ ಟ್ಯಾಕ್ ಹೊಸ ಎಳೆ ಕಟ್ಟೋದು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ನನ್ನನ್ನು ಬೀಳಿಸಿದ್ದು ರಿವರ್ಸ್ ಪ್ರೈಮರ್.

ಇ. ಕೋಲೈನ 16ಎಸ್ ಜೀನ್ ಬೇಕಿತ್ತು, ಸುಮಾರು 1,500 ಬೇಸ್. ಫಾರ್ವರ್ಡ್ ಪ್ರೈಮರನ್ನು ಜೀನ್ ಶುರುವಾಗುವ ಕಡೆಯಿಂದ ನೋಡಿಕೊಂಡು ಹಾಗೇ ಬರೆದೆ, ಅದು ಸರಿ. ರಿವರ್ಸನ್ನೂ ಜೀನಿನ ಕೊನೆಯಿಂದ ಹಾಗೇ ನಕಲು ಮಾಡಿಬಿಟ್ಟೆ. ಜೆಲ್‌ನಲ್ಲಿ ಲ್ಯಾಡರ್ ಬಿಟ್ಟರೆ ಏನೂ ಇಲ್ಲ.

ಟ್ಯಾಕ್ ಹೊಸ ಬೇಸ್ ಸೇರಿಸೋದು 3' ತುದಿಗೆ ಮಾತ್ರ. ಹಾಗಾಗಿ ಎರಡು ಪ್ರೈಮರ್‌ಗಳ 3' ತುದಿಗಳೂ ಒಂದಕ್ಕೊಂದು ಎದುರುಬದುರಾಗಿರಬೇಕು. ನನ್ನವು ಎರಡೂ ಒಂದೇ ದಿಕ್ಕಿಗೆ ಓಡುತ್ತಿದ್ದವು. ರಿವರ್ಸ್ ಅನ್ನೋದಂತೂ ಜೀನನ್ನೇ ಬಿಟ್ಟು ಆಚೆ ಹೋಗುತ್ತಿತ್ತು. ಆಗ ಒಂದು ಪ್ರೈಮರ್ 30 ಸೈಕಲ್‌ಗೆ ಒಂದು ಟೆಂಪ್ಲೇಟಿನಿಂದ 30 ಎಳೆ ಕೊಡುತ್ತದೆ, ಅಷ್ಟೇ. ಎದುರುಬದುರಾಗಿದ್ದರೆ ಪ್ರತಿ ಸೈಕಲ್‌ಗೂ ಇಮ್ಮಡಿ. 2^30 ಅಂದರೆ ಲೆಕ್ಕಕ್ಕೆ 107 ಕೋಟಿ.

```
ಪರದೆಯಲ್ಲಿ:   5'-AAGTCGTAACAAGGTAACC-3'
ಎದುರು ಎಳೆ:   3'-TTCAGCATTGTTCCATTGG-5'
ಆರ್ಡರ್:       5'-GGTTACCTTGTTACGACTT-3'
```

ಇಲ್ಲಿ ಎರಡನೇ ಗುಂಡಿಯೂ ಇದೆ. ಎದುರು ಎಳೆಯನ್ನು ಬರೆದು ಅದನ್ನೇ ಆರ್ಡರ್ ಫಾರ್ಮಿಗೆ ಟೈಪ್ ಮಾಡಿದರೆ ಕಂಪನಿಯವರು ಎಡಗಡೆಯದನ್ನೇ 5' ಅಂದುಕೊಳ್ಳುತ್ತಾರೆ. ಆ ಪ್ರೈಮರ್ ನಮ್ಮ ಜಾಗದಲ್ಲಿ ಕೂರೋದೇ ಇಲ್ಲ. ಹಿಂದುಮುಂದು ಮಾಡಿ ಓದಿದ ಮೂರನೇ ಸಾಲೇ ಸರಿ. ಈಗ ನಾನು ಎರಡೂ ಎಳೆ ಬರೆದು, ಪ್ರೈಮರ್‌ಗಳ 3' ತುದಿಗೆ ಬಾಣ ಹಾಕುತ್ತೇನೆ. ಬಾಣಗಳು ಮುಖಾಮುಖಿಯಾಗದಿದ್ದರೆ ಆರ್ಡರ್ ಇಲ್ಲ.

ಅನೀಲಿಂಗ್ ತಾಪಕ್ಕೆ ಒರಟು ಲೆಕ್ಕ: ಒಂದೊಂದು A, Tಗೆ 2, ಒಂದೊಂದು G, Cಗೆ 4. ಮೇಲಿನ ರಿವರ್ಸ್‌ನಲ್ಲಿ A, T 11, G, C 8, ಕೂಡಿದರೆ 54. ಫಾರ್ವರ್ಡ್ AGAGTTTGATCCTGGCTCAG, ಅದಕ್ಕೆ 60. ನೋಡಬೇಕಾದ್ದು ಕಡಿಮೆ ಇರುವುದನ್ನು. ಅದರಿಂದ ಐದು ಕಳೆದು, 50ರ ಆಸುಪಾಸಿನಿಂದ ಶುರು ಮಾಡಿ. ಬೇಡದ ಬ್ಯಾಂಡ್ ಬಂದರೆ ಒಂದೆರಡು ಡಿಗ್ರಿ ಏರಿಸಿ. ಫಾರ್ವರ್ಡ್ ನೋಡಿ ಮೊದಲೇ 60 ಇಟ್ಟರೆ ರಿವರ್ಸ್ ಸರಿಯಾಗಿ ಕೂರದೆ ಬ್ಯಾಂಡ್ ಮಂಕಾಗಬಹುದು, ಇಲ್ಲವೇ ಬರದೇ ಇರಬಹುದು.

ಪ್ರೈಮರ್ ಸರಿಯಿದ್ದೂ ಜೆಲ್ ಖಾಲಿಯಿದ್ದರೆ ಟೆಂಪ್ಲೇಟನ್ನು ಹತ್ತು ಪಟ್ಟು ತೆಳು ಮಾಡಿ ನೋಡಿ. ಕಡಿಮೆ ಡಿಎನ್‌ಎ ಹಾಕಿದಾಗ ಬ್ಯಾಂಡ್ ಬಂತು ಅಂದರೆ ಅದರ ಜೊತೆಗೆ ಟ್ಯಾಕ್‌ಗೆ ಅಡ್ಡಿ ಮಾಡುವಂಥದ್ದೇನೋ ಬಂದಿದೆ. ಮಣ್ಣಿನಿಂದ ತೆಗೆದ ಡಿಎನ್‌ಎಯಲ್ಲಿ ಹ್ಯೂಮಿಕ್ ಆಮ್ಲದ ಕಾಟ ಹೀಗೇ. 100 ಬೇಸ್‌ಗಿಂತ ಕೆಳಗೆ ಮಸುಕು ಬ್ಯಾಂಡ್ ಮಾತ್ರ ಇದ್ದರೆ ಪ್ರೈಮರ್‌ಗಳು ತಮ್ಮತಮ್ಮಲ್ಲೇ ಅಂಟಿಕೊಂಡಿರಬಹುದು. 3' ತುದಿಯ ಮೂರ್ನಾಲ್ಕು ಬೇಸ್ ಪರಸ್ಪರ ಹೊಂದುತ್ತವೆಯೇ ನೋಡಿ.

ಇನ್ನು 16ಎಸ್‌ನದೇ ಒಂದು ತಕರಾರು: ಟೆಂಪ್ಲೇಟ್ ಹಾಕದ ಟ್ಯೂಬಿನಲ್ಲೂ 1,500ರ ಬ್ಯಾಂಡ್ ಬರಬಹುದು. ಪಿಪೆಟ್ಟನ್ನಷ್ಟೇ ಬೈಯಬೇಡಿ. ಅಂಗಡಿಯ ಟ್ಯಾಕನ್ನು ಹೆಚ್ಚಾಗಿ ಇ. ಕೋಲೈನಲ್ಲೇ ಬೆಳೆಸಿ ತೆಗೆದಿರುತ್ತಾರೆ, ಅದರ ಡಿಎನ್‌ಎ ಚೂರುಪಾರು ಉಳಿದಿರುತ್ತದೆ. ಸೈಕಲ್ 35ರಿಂದ 28ಕ್ಕೆ ಇಳಿಸಿದರೆ ಆ ಬ್ಯಾಂಡ್ ಸಾಮಾನ್ಯವಾಗಿ ಮಂಕಾಗುತ್ತದೆ.