ಲಂಡನ್, ನ್ಯೂಯಾರ್ಕ್ ಕೂಡುವ ಹೊತ್ತು ನಮ್ಮ ಗಡಿಯಾರದಲ್ಲಿ

ಯೂರೋ–ಡಾಲರ್, ಪೌಂಡ್–ಡಾಲರ್ ಜೋಡಿಗಳಲ್ಲಿ ವಹಿವಾಟು ಬಿರುಸಾಗುವುದು ಲಂಡನ್, ನ್ಯೂಯಾರ್ಕ್ ಎರಡೂ ಕಡೆ ಬ್ಯಾಂಕಿನವರು ಒಟ್ಟಿಗೆ ಕೆಲಸದಲ್ಲಿರುವಾಗ. ಕರೆನ್ಸಿ ಮಾರುಕಟ್ಟೆಗೆ ಗಂಟೆ ಬಾರಿಸಿ ಬಾಗಿಲು ತೆಗೆಯುವ ಪದ್ಧತಿಯಿಲ್ಲ. ಆಯಾ ಊರಿನ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಬೆಂಗಳೂರಿನಲ್ಲಿ ಕೂತವರು ಇದನ್ನು ‘ಸಂಜೆ 6.30ರಿಂದ ರಾತ್ರಿ 10.30’ ಎಂದು ಒಮ್ಮೆ ಬರೆದಿಟ್ಟುಕೊಂಡು ವರ್ಷವಿಡೀ ಅದನ್ನೇ ನಂಬುತ್ತಾರೆ. ಆ ಲೆಕ್ಕ ಸರಿಯಾಗುವುದು ಚಳಿಗಾಲದ ನಾಲ್ಕು ತಿಂಗಳು ಮಾತ್ರ.

ನಮ್ಮ ಗಡಿಯಾರ ಕದಲುವುದಿಲ್ಲ. ಅವರದು ಬೇಸಿಗೆಗೆ ಒಂದು ಗಂಟೆ ಮುಂದೆ ಹೋಗುತ್ತದೆ, ಅದೂ ಇಬ್ಬರದು ಒಂದೇ ದಿನವಲ್ಲ. 2026ನ್ನೇ ತೆಗೆದುಕೊಳ್ಳಿ. ಅಮೆರಿಕ ಮಾರ್ಚ್ 8ರಂದು ಮುಂದಿಟ್ಟರೆ ಬ್ರಿಟನ್ ಮಾರ್ಚ್ 29ರಂದು ಮುಂದಿಡುತ್ತದೆ. ಹಿಂದಕ್ಕೆ ಸರಿಸುವಾಗ ಬ್ರಿಟನ್ ಮೊದಲು, ಅಕ್ಟೋಬರ್ 25ಕ್ಕೆ. ಅಮೆರಿಕ ನವೆಂಬರ್ 1ಕ್ಕೆ.

ಹಾಗಾಗಿ ಮಾರ್ಚ್ 5ರಂದು ಎರಡೂ ಊರು ಕೂಡುವುದು ಸಂಜೆ 6.30ರಿಂದ 10.30. ಮಾರ್ಚ್ 10ಕ್ಕೆ ನ್ಯೂಯಾರ್ಕ್ ಒಂದು ಗಂಟೆ ಮೊದಲೇ ಬರುತ್ತದೆ, ಲಂಡನ್ ಇದ್ದಲ್ಲೇ ಇರುತ್ತದೆ: 5.30ರಿಂದ 10.30, ಅಂದರೆ ಐದು ಗಂಟೆ. ಮಾರ್ಚ್ 31ಕ್ಕೆ ಲಂಡನ್ನೂ ಸರಿದು 5.30ರಿಂದ 9.30. ಅಕ್ಟೋಬರ್ ಕೊನೆಯ ಒಂದು ವಾರ ಮತ್ತೆ ಐದು ಗಂಟೆ.

ಪೆಟ್ಟು ಬೀಳುವುದು ಈ ಹೊಂದಾಣಿಕೆ ತಪ್ಪಿದ ವಾರಗಳಲ್ಲೇ. ಅಮೆರಿಕದ ಉದ್ಯೋಗ, ಬೆಲೆಯೇರಿಕೆಯ ಅಂಕಿಅಂಶಗಳು ಅಲ್ಲಿನ ಬೆಳಿಗ್ಗೆ 8.30ಕ್ಕೆ ಹೊರಬೀಳುತ್ತವೆ. ಚಳಿಗಾಲದಲ್ಲಿ ಅದು ನಮಗೆ ಸಂಜೆ 7. ಈ ವಾರಗಳಲ್ಲೂ 7ಕ್ಕೇ ಅಲಾರಂ ಇಟ್ಟವರಿಗೆ, ಚಾರ್ಟ್ ತೆರೆದಾಗ 6 ಗಂಟೆಯ ಜಾಗದಲ್ಲಿ ಉದ್ದನೆಯ ಕ್ಯಾಂಡಲ್ ಒಂದು ಆಗಲೇ ನಿಂತಿರುತ್ತದೆ. ಆ ಕ್ಷಣದಲ್ಲಿ ಕೊಳ್ಳುವ, ಮಾರುವ ಬೆಲೆಗಳ ಅಂತರವಾದ ಸ್ಪ್ರೆಡ್ ಅಗಲಿಸಿರುವುದರಿಂದ ನಷ್ಟ ತಡೆಯಲು ಇಟ್ಟ ಸ್ಟಾಪ್ ಲಾಸ್ ಕೂಡ ಇಟ್ಟ ಬೆಲೆಗಿಂತ ಆಚೆ ಹೋಗಿ ಮುಗಿದಿರಬಹುದು. ಲಂಡನ್ನಿನ ಸಂಜೆ 4ರ ಫಿಕ್ಸ್, ಅಂದರೆ ದಿನದ ಮಾನದಂಡ ದರ ನಿಗದಿಯಾಗುವ ಹೊತ್ತು ಮಾತ್ರ ಇನ್ನೂ ನಮ್ಮ 9.30ರಲ್ಲೇ ಇರುತ್ತದೆ. ದೊಡ್ಡ ಫಂಡ್‌ಗಳು ತಮ್ಮ ಡಾಲರ್ ಬದಲಾವಣೆಯನ್ನು ಆ ದರಕ್ಕೆ ಕಟ್ಟುವುದರಿಂದ, ವಿಶೇಷವಾಗಿ ತಿಂಗಳ ಕೊನೆಯಲ್ಲಿ, ಸುದ್ದಿಯೇನೂ ಇಲ್ಲದೆ ಬೆಲೆ ಜಗ್ಗುತ್ತದೆ. ಉಳಿದ ವರ್ಷವೆಲ್ಲ ಅಂಕಿಅಂಶಕ್ಕೂ ಫಿಕ್ಸ್‌ಗೂ ನಡುವೆ ಎರಡೂವರೆ ಗಂಟೆ. ಈ ವಾರಗಳಲ್ಲಿ ಮೂರೂವರೆ. ಎರಡೂವರೆ ಗಂಟೆಗೆ ಹೊಂದಿಸಿಟ್ಟ ಯಾವ ನಿಯಮವೂ ಆಗ ನೆಚ್ಚಿಕೊಳ್ಳಲು ಬರುವುದಿಲ್ಲ.

ಇನ್ನೊಂದು ತಪ್ಪು ಸುಲಭಕ್ಕೆ ಕಣ್ಣಿಗೆ ಬೀಳದು. ಇಡೀ ವರ್ಷದ ದತ್ತಾಂಶವನ್ನು ಭಾರತದ ಗಂಟೆಗಳ ಪ್ರಕಾರ ಗುಂಪು ಮಾಡಿ ಸರಾಸರಿ ತೆಗೆದರೆ, 6ಕ್ಕೊಂದು, 7ಕ್ಕೊಂದು ದಿಬ್ಬ ಕಾಣಿಸುತ್ತದೆ. ದಿನಕ್ಕೆ ಎರಡು ಬಿರುಸಿನ ಹೊತ್ತಿದೆ ಎಂದು ಅದನ್ನು ಓದಿದರೆ ತಪ್ಪಾಯಿತು. ಅದು ಒಂದೇ ದಿಬ್ಬ, ಬೇಸಿಗೆ ಮತ್ತು ಚಳಿಗಾಲದ ನಡುವೆ ಒಡೆದುಹೋಗಿದೆ, ಅಷ್ಟೆ. ಮೊದಲು ನ್ಯೂಯಾರ್ಕ್ ಸಮಯಕ್ಕೆ ತಿರುಗಿಸಿ ಗುಂಪು ಮಾಡಿದರೆ ಎರಡೂ 8.30ರಲ್ಲಿ ಬಂದು ಕೂಡಿಕೊಳ್ಳುತ್ತವೆ. ದಿನಚರಿಯನ್ನೂ ಹಾಗೇ ಬರೆದಿಡುವುದು ಒಳ್ಳೆಯದು: ‘ನ್ಯೂಯಾರ್ಕ್ 8.30’ ಎಂದು ಬರೆದು, ಭಾರತದ ಹೊತ್ತನ್ನು ಆಯಾ ದಿನ ಲೆಕ್ಕ ಹಾಕಿ. ಲಿನಕ್ಸ್ ಬಳಸುವವರಿಗೆ ಒಂದು ಸಾಲು ಸಾಕು:

```
TZ="Asia/Kolkata" date -d 'TZ="America/New_York" 2026-03-10 08:30' +%H:%M
```

ಉತ್ತರ 18:00 ಎಂದು ಬರುತ್ತದೆ. ದಿನಾಂಕವನ್ನು 2026-03-05 ಮಾಡಿದರೆ 19:00.

ಇಷ್ಟೆಲ್ಲ ಸರಿಯಾಗಿ ಲೆಕ್ಕ ಹಾಕಿದ ಮೇಲೂ ಭಾರತದಲ್ಲಿರುವವರಿಗೆ ಒಂದು ಮಿತಿಯಿದೆ. ಎಕ್ಸ್‌ಚೇಂಜ್‌ನಲ್ಲಿ ವಹಿವಾಟು ಮಾಡುವುದಾದರೆ ಅದು ಮಾನ್ಯತೆ ಪಡೆದದ್ದೇ ಆಗಿರಬೇಕು. ಅನುಮತಿಯಿಲ್ಲದ ಆನ್‌ಲೈನ್ ಫಾರೆಕ್ಸ್ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ ತನ್ನ ಜಾಲತಾಣದಲ್ಲಿ ಹಾಕಿದೆ. ಎನ್‌ಎಸ್‌ಇಯಲ್ಲಿ ರೂಪಾಯಿ ಜೋಡಿಗಳು ಸಂಜೆ 5ಕ್ಕೇ ಮುಗಿಯುತ್ತವೆ. ಯೂರೋ–ಡಾಲರ್, ಪೌಂಡ್–ಡಾಲರ್, ಡಾಲರ್–ಯೆನ್ ನಡೆಯುವುದು 7.30ರವರೆಗೆ. ಬೇಸಿಗೆಯಲ್ಲಿ ಕೂಡುವೇಳೆಯ ಎರಡು ಗಂಟೆ ಸಿಗುತ್ತದೆ, ಚಳಿಗಾಲದಲ್ಲಿ ಒಂದೇ. ಡಿಸೆಂಬರಿನಲ್ಲಿ 7ಕ್ಕೆ ಬಂದ ಅಂಕಿಅಂಶ ನೋಡಿ ಕೊಂಡವರ ಕೈಯಲ್ಲಿ ಉಳಿಯುವುದು ಅರ್ಧ ಗಂಟೆ. ಅಷ್ಟರಲ್ಲಿ ಮುಗಿಸದಿದ್ದರೆ ನ್ಯೂಯಾರ್ಕಿನ ಬಹುಪಾಲು ಕೆಲಸದ ವೇಳೆ, 9.30ರ ಫಿಕ್ಸ್, ನಡುರಾತ್ರಿಯ ಫೆಡರಲ್ ರಿಸರ್ವ್ ಪ್ರಕಟಣೆ ಎಲ್ಲವೂ ಬಾಗಿಲು ಮುಚ್ಚಿದ ಮೇಲೆ ನಡೆಯುತ್ತವೆ. ಮರುದಿನ ಬೆಳಿಗ್ಗೆ 9ಕ್ಕೆ ಬೆಲೆ ನೇರವಾಗಿ ಹೊಸ ಜಾಗದಲ್ಲೇ ತೆರೆಯುತ್ತದೆ. ನಡುವೆ ಇಟ್ಟಿದ್ದ ಸ್ಟಾಪ್ ಲಾಸ್ ಬೆಲೆಯಲ್ಲಿ ವಹಿವಾಟೇ ಆಗಿರುವುದಿಲ್ಲ.