ವಾರಕ್ಕೆ ಎಷ್ಟು ವಿಡಿಯೊ ಹಾಕಬಹುದು?

ಪ್ರಶ್ನೆ: ಕೆಲಸದ ನಡುವೆ ಗಣಿತ ಕಲಿಸುವ ಯೂಟ್ಯೂಬ್ ಚಾನೆಲ್ ಶುರು ಮಾಡಿದ್ದೇನೆ. ವಾರಕ್ಕೆ ಮೂರು ವಿಡಿಯೊ ಎಂದುಕೊಂಡಿದ್ದೆ, ಎರಡನೇ ವಾರಕ್ಕೇ ಸುಸ್ತಾದೆ. ಎಷ್ಟು ಹಾಕುವುದು ಸರಿ?

ಸಂಖ್ಯೆಯನ್ನು ಮೊದಲು ನಿಶ್ಚಯಿಸಿದ್ದೇ ಎಡವಟ್ಟು. ಮುಂದಿನ ವಿಡಿಯೊ ಮಾಡುವಾಗ ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ಚಿತ್ರೀಕರಣವೇ ದೊಡ್ಡ ಕೆಲಸ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಸಮಯವನ್ನು ನುಂಗುವುದು ಸಂಕಲನ.

ಭಿನ್ನರಾಶಿಗಳನ್ನು ಕೂಡುವಾಗ ಛೇದಗಳು ಏಕೆ ಸಮವಾಗಬೇಕು ಎಂಬ ಎಂಟು ನಿಮಿಷದ ಪಾಠವನ್ನೇ ತೆಗೆದುಕೊಳ್ಳಿ. ಬರಹಕ್ಕೆ 3 ಗಂಟೆ, ಚಿತ್ರೀಕರಣಕ್ಕೆ ಒಂದೂವರೆ, ಸಂಕಲನಕ್ಕೆ 4, ಥಂಬ್‌ನೇಲ್ ಮತ್ತು ವಿವರಣೆಗೆ 1 ಎಂದಿಟ್ಟುಕೊಂಡರೆ ಒಟ್ಟು ಒಂಬತ್ತೂವರೆ ಗಂಟೆ. ನಿಮಗೆ ವಾರಕ್ಕೆ ಸಿಗುವುದು 7 ಗಂಟೆಯಾದರೆ ವಾರಕ್ಕೊಂದು ಇಂಥ ಪಾಠವೂ ಆಗದ ಮಾತು.

ಹಾಗೆಂದು ವಾರ ಬಿಟ್ಟು ವಾರ ಹಾಕಬೇಕಿಲ್ಲ. ಪ್ರತಿ ದೊಡ್ಡ ಪಾಠಕ್ಕೂ ಅದೇ ವಿಷಯದ ಒಂದು ಚಿಕ್ಕ ವಿಡಿಯೊವನ್ನು ಜೋಡಿಸಿ. 1/2 ಮತ್ತು 1/3 ಕೂಡಿದಾಗ ಮಕ್ಕಳು ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಸೇರಿಸಿ 2/5 ಎಂದು ಬರೆಯುತ್ತಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ? ಅಷ್ಟನ್ನೇ ತೋರಿಸುವ ಮೂರು ನಿಮಿಷ ಸಾಕು. ಹೊಸದಾಗಿ ಓದಬೇಕಿಲ್ಲ, ಹಲಗೆಯೂ ದೀಪವೂ ಹೇಗಿದ್ದವೋ ಹಾಗೇ ಇರುತ್ತವೆ. 3 ಗಂಟೆಯಲ್ಲಿ ಮುಗಿಯುತ್ತದೆ. (ನನಗೆ ಕೇಳಿದರೆ ನೋಡುಗರಿಗೆ ಹೆಚ್ಚು ಉಪಯೋಗವಾಗುವುದು ಈ ಚಿಕ್ಕದೇ.)

ಈಗ ಎರಡು ವಾರದ 14 ಗಂಟೆಗೆ ಹನ್ನೆರಡೂವರೆ ಗಂಟೆಯ ಕೆಲಸ. ಮೊದಲ ವಾರ ಮೂರು ಸಂಜೆ ದೊಡ್ಡ ಪಾಠದ ಬರಹ. ಭಾನುವಾರ ಚಿಕ್ಕದನ್ನೂ ಬರೆದು, ಎರಡನ್ನೂ ಒಂದೇ ಸಲಕ್ಕೆ ಚಿತ್ರೀಕರಿಸಿ, ಸಂಕಲನ ಆರಂಭಿಸಿ. ಮರುವಾರದ ಸಂಜೆಗಳು ದೊಡ್ಡದರ ಸಂಕಲನಕ್ಕೆ, ಭಾನುವಾರ ಉಳಿದದ್ದಕ್ಕೆ. ಮಿಗುವ ಒಂದೂವರೆ ಗಂಟೆಯಲ್ಲಿ ಮೂರನೇ ವಿಡಿಯೊ ತುರುಕಬೇಡಿ. ಹಲಗೆಯ ಮೇಲೆ ಒಂದು ಅಂಕಿ ತಪ್ಪಿ ಬರೆದದ್ದು ಸಂಕಲನದಲ್ಲಿ ಕಣ್ಣಿಗೆ ಬೀಳುತ್ತದೆ. ಆಗ ಆ ಸಮಯ ಬೇಕಾಗುತ್ತದೆ.

ಪ್ರಕಟಣೆ ಆರಂಭಿಸುವ ಮೊದಲು ಎರಡು ಜೋಡಿ, ಅಂದರೆ ನಾಲ್ಕು ವಿಡಿಯೊ ಸಿದ್ಧವಿರಲಿ. ಅಪ್‌ಲೋಡ್ ಮಾಡುವಾಗಲೇ ದಿನಾಂಕ, ಸಮಯ ನಿಗದಿ ಮಾಡಿಟ್ಟರೆ ಅಲ್ಲಿಯವರೆಗೆ ಅವು ಖಾಸಗಿಯಾಗಿಯೇ ಇರುತ್ತವೆ. ಜ್ವರ ಬಂದ ವಾರ ದಾಸ್ತಾನಿನಿಂದ ಒಂದು ಹೋಗುತ್ತದೆ, ಅಷ್ಟೇ. ಆದರೆ ಜ್ವರವೂ ಇಲ್ಲ, ಕಚೇರಿಯ ಒತ್ತಡವೂ ಇಲ್ಲ, ಆದರೂ ನಾಲ್ಕು ಮೂರಾಗಿ ಮೂರು ಎರಡಾಯಿತು ಎಂದರೆ ನಿಮ್ಮ ಲೆಕ್ಕವೇ ತಪ್ಪಿದೆ. ಒಂದು ಉಳಿಯುವವರೆಗೆ ಕಾಯದೆ ದೊಡ್ಡ ಪಾಠವನ್ನು ಮೂರು ವಾರಕ್ಕೊಂದು ಮಾಡಿ, ನಡುವಿನ ಎರಡು ವಾರಕ್ಕೂ ಚಿಕ್ಕವನ್ನೇ ಇಡಿ.