ಸ್ವಾಗತ ಭಾಷಣ ಮೂರು ನಿಮಿಷ ಸಾಕು, ಆದರೆ ಅದರಲ್ಲಿ ಮಕ್ಕಳಿರಲಿ

ನಮ್ಮದು ತೀರ್ಥಹಳ್ಳಿ ಕಡೆಯ ಕಿರಿಯ ಪ್ರಾಥಮಿಕ ಶಾಲೆ. ಐದು ತರಗತಿ, 23 ಮಕ್ಕಳು. ವಾರ್ಷಿಕೋತ್ಸವ ಬರುವುದು ಅಡಿಕೆ ಕೊನೆ ಕೊಯ್ಲಿನ ಹೊತ್ತಲ್ಲೇ, ಅದೂ ಸಂಜೆ. ಮಕ್ಕಳು ಬಣ್ಣ ಹಚ್ಚಿಕೊಂಡು ಚಳಿಯಲ್ಲಿ ಪರದೆ ಹಿಂದೆ ನಿಂತಿರುತ್ತಾರೆ, ಇತ್ತ ಸ್ವಾಗತ ಮಾಡುವವರು ವೇದಿಕೆ ಮೇಲಿನ 14 ಜನರ ಹೆಸರು ಓದುತ್ತಿರುತ್ತಾರೆ. ಒಬ್ಬೊಬ್ಬರಿಗೂ ಎರಡೆರಡು ವಿಶೇಷಣ ಬೇರೆ. ಎಷ್ಟೋ ವರ್ಷ ನಾನೂ ಹಾಗೇ ಮಾಡಿದ್ದೇನೆ.

ಈಗ ಅಧ್ಯಕ್ಷರು, ಮುಖ್ಯ ಅತಿಥಿ ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಹೆಸರು ಮಾತ್ರ ಹೇಳುತ್ತೇನೆ. ಉಳಿದವರನ್ನು ಒಟ್ಟಿಗೇ ಕರೆದು, ಮಕ್ಕಳ ಕೈಯಲ್ಲಿ ಹೂ ಕೊಡಿಸಿದರೆ ಆಯಿತು. ಯಾರೂ ಬೇಜಾರು ಮಾಡಿಕೊಂಡಿಲ್ಲ, ಒಬ್ಬರನ್ನು ಬಿಟ್ಟು! ಮೈಕಿನ ಮುಂದೆ ಸಮಾಧಾನವಾಗಿ ಮಾತಾಡಿದರೆ ನನಗೆ ನಿಮಿಷಕ್ಕೆ 80 ಪದ ಆಗುತ್ತದೆ. ಮೂರು ನಿಮಿಷಕ್ಕೆ 240. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ.

ಮಕ್ಕಳ ಬಗ್ಗೆ ಏನು ಹೇಳುವುದು ಎನ್ನುವುದೇ ಕಷ್ಟ. ಎರಡು ವಾರ ಮೊದಲೇ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಸಾಲು ಬರೆಯುತ್ತೇನೆ. ಟೀಚರುಗಳನ್ನು ಕೇಳಿದರೆ ‘ಚೆನ್ನಾಗಿ ಓದ್ತಾಳೆ’ ಅನ್ನುತ್ತಾರೆ, ಆ ಸಾಲು ಯಾವ ಮಗುವಿಗೂ ಹೊಂದುತ್ತದೆ, ಹಾಗಾಗಿ ಹೊಡೆದು ಹಾಕುತ್ತೇನೆ. ಒಳ್ಳೆಯ ಸಾಲು ಸಿಗುವುದು ಬಿಸಿಯೂಟದ ಅಡುಗೆಯವರ ಹತ್ತಿರ. ಮೊದಲೆಲ್ಲ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದವನು ಈಗ ಎರಡನೇ ಸಲ ಸಾರು ಕೇಳುತ್ತಾನೆ ಅಂತ ಅವರಿಗೇ ಗೊತ್ತಿರುವುದು.

ಒಮ್ಮೆ ದೊಡ್ಡ ತಪ್ಪು ಮಾಡಿದೆ. ‘ಎರಡನೇ ತರಗತಿಗೆ ಬಂದರೂ ತನ್ನ ಹೆಸರು ಬರೆಯಲು ಬಾರದಿದ್ದ ಹುಡುಗ ಈಗ ಕಥೆ ಓದುತ್ತಾನೆ’ ಎಂದೆ. ಹೊಗಳಿಕೆ ಅಂದುಕೊಂಡೇ ಹೇಳಿದ್ದು. ಅವರಪ್ಪ ಹಿಂದಿನ ಸಾಲಿನಲ್ಲಿದ್ದರು, ತಲೆ ತಗ್ಗಿಸಿದವರು ಎತ್ತಲೇ ಇಲ್ಲ. ಜನರ ಕಿವಿಗೆ ಬಿದ್ದದ್ದು ‘ಬಾರದಿದ್ದ’ ಎನ್ನುವ ಪದ ಮಾತ್ರ.

ಅಂದಿನಿಂದ ಹಿಂದಿನ ಸ್ಥಿತಿ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಎಲ್ಲ ಮಕ್ಕಳಿಗೂ ಇರುವಂಥದ್ದಾ, ಇಲ್ಲ ಆ ಮನೆಯವರಿಗೆ ನೋಯುವಂಥದ್ದಾ? ಜೂನ್‌ನಲ್ಲಿ ಅಮ್ಮನ ಸೆರಗು ಹಿಡಿದು ಅತ್ತಿದ್ದು ಹೇಳಬಹುದು, ಎಲ್ಲರೂ ಅತ್ತವರೇ ಅಲ್ವಾ. ಓದಲು ತಡವಾದದ್ದು ಬೇಡ, ಈಗ ಬಂದಿರುವುದನ್ನಷ್ಟೇ ಹೇಳಿದರೆ ಸಾಕು. ಇನ್ನೊಂದು, ಮಳೆಗಾಲದಲ್ಲಿ ಹಳ್ಳ ತುಂಬಿದ್ದರೂ ಕಾಲುಸಂಕ ದಾಟಿ ಬಂದ ಅಂತ ಹೊಗಳಲೇಬಾರದು. ಮುಂದಿನ ಆಷಾಢದಲ್ಲಿ ಇನ್ನೊಬ್ಬ ಅದನ್ನೇ ಮಾಡಲು ಹೋಗುತ್ತಾನೆ.

ಕಳೆದ ಸಲದ ಭಾಷಣದ ನಡುವಿನ ಭಾಗ ಹೀಗಿತ್ತು, ಹೆಸರುಗಳು ಇಲ್ಲಿ ಬೇಡ:

‘ಅಡಿಕೆ ಸುಲಿಯೋ ಕೆಲಸ ಬಿಟ್ಟು ಬಂದಿದ್ದೀರಿ, ಎಲ್ಲರೂ ಬನ್ನಿ. ಪರದೆ ಹಿಂದೆ ಇರುವ ಮಕ್ಕಳೇ, ನಿಮಗೂ ಸ್ವಾಗತ. ಒಂದನೇ ತರಗತಿಯ ಈ ಪುಟ್ಟಿ ಜೂನ್‌ನಲ್ಲಿ ಅಮ್ಮನ ಸೆರಗು ಬಿಡ್ತಿರಲಿಲ್ಲ. ಈಗ ಗೇಟಿನ ಹತ್ತಿರವೇ ಅಮ್ಮನಿಗೆ ಟಾಟಾ ಮಾಡಿ ಕಳಿಸ್ತಾಳೆ. ಎರಡನೇ ತರಗತಿಯ ಹುಡುಗ ಬಸ್ಸಿನ ಬೋರ್ಡು ಓದಿ ಅಜ್ಜಿಗೆ ಹೇಳ್ತಾನೆ. ಮೂರನೇ ತರಗತಿಯವನು 52ರಲ್ಲಿ 27 ಕಳೆಯೋಕೆ ಒಂದು ಹತ್ತರ ಕಟ್ಟು ಬಿಚ್ಚಿ, ಕಡ್ಡಿ ಎಣಿಸಿ, 25 ಅಂತ ತಂಗಿಗೆ ತೋರಿಸಿಕೊಡ್ತಾನೆ.’

ಬಸ್ಸಿನ ಬೋರ್ಡಿನ ಮಾತಿಗೆ ಅಜ್ಜಿಯೇ ಎದ್ದು ನಿಂತು ‘ಹೌದು’ ಅಂದರು.

ಹೀಗೆ ಐದು ಮಕ್ಕಳ ಬಗ್ಗೆ ಹೇಳಬಹುದು, ಅದಕ್ಕಿಂತ ಜಾಸ್ತಿಯಾದರೆ ಹಾಜರಿ ಕರೆದ ಹಾಗೆ ಕೇಳಿಸುತ್ತದೆ. ಹಾಗಾದರೆ ಉಳಿದ 18 ಮಕ್ಕಳ ಅಮ್ಮಂದಿರು? ಆ ಮಕ್ಕಳ ಸಾಲುಗಳನ್ನು ಚೀಟಿಯಲ್ಲಿ ಬರೆದು ನಿರೂಪಣೆ ಮಾಡುವವರಿಗೆ ಕೊಡುತ್ತೇನೆ. ಪ್ರತಿ ಡ್ಯಾನ್ಸಿಗೂ ಮೊದಲು, ಅದರಲ್ಲಿರುವ ಇಬ್ಬರು ಮೂವರದ್ದನ್ನು ಅವರು ಓದುತ್ತಾರೆ. ಡ್ರೆಸ್ ಬದಲಿಸುವ ಹೊತ್ತು ಸುಮ್ನೆ ಹಾಡು ಹಾಕುವ ಬದಲು ಇದು. ಓದಿದ ಹಾಗೆ ಟಿಕ್ ಹಾಕಲು ಒಬ್ಬರನ್ನು ಕೂರಿಸಲೇಬೇಕು. ಕಳೆದ ಸಲ ಕೂರಿಸಿರಲಿಲ್ಲ. ಮರುದಿನ ನಾಲ್ಕನೇ ತರಗತಿಯ ಹುಡುಗನೊಬ್ಬ ಬಂದು ‘ಟೀಚರ್, ನಂದು ಹೇಳ್ಲೇ ಇಲ್ಲ’ ಎಂದ. ಅವನ ಚೀಟಿ ಮೈಕಿನ ಡಬ್ಬದ ಕೆಳಗೆ ಸಿಕ್ಕಿತು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ಓದಿದೆ. ಚೀಟಿ ನನಗೇ ಕೊಡಿ ಅಂತ ಇಸಿದುಕೊಂಡು ಜೇಬಿಗೆ ಹಾಕಿಕೊಂಡ.